ಏಳು ದಿನದೊಳಗಿನ ಉತ್ತರ

ನೋಟಿಸ್ ಕೈಗೆ ಬಂದಾಗ ಮೇಸ್ತ್ರಿ ಇಸ್ತ್ರಿ ಕೊಠಡಿಯ ಬಾಗಿಲಲ್ಲಿ ನಿಂತು ಒದ್ದೆ ಚಾದರಗಳ ಗಾಡಿಯನ್ನು ಒಳಗೆ ದೂಡಿಸುತ್ತಿದ್ದ. ಆಫೀಸಿನ ಗುಮಾಸ್ತೆ ಲಕೋಟೆಯ ಜೊತೆಗೆ ಒಂದು ಪುಸ್ತಕವನ್ನೂ ಮುಂದಿಟ್ಟಳು. "ಇಲ್ಲಿ ಸೈನ್ ಹಾಕಿ ಮೇಸ್ತ್ರಿ, ಸಮಯಾನೂ ಬರೀರಿ" ಎಂದಳು. ಅವನು ಅಂಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದ. ಅವಳು ಅವನ ಮುಖ ನೋಡದೆ ಹೊರಟುಹೋದಳು.

ಊರಿನ ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆಯೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿ ಅದು. ಇಪ್ಪತ್ತೆಂಟು ವರ್ಷದ ಹಿಂದೆ ಅವನು ಇಲ್ಲಿಗೆ ಸೇರಿದ್ದು ಮೈಲಿಗೆ ಬಟ್ಟೆಯ ಗಂಟು ಬಿಚ್ಚುವ ಆಳಾಗಿ. ಈಗ ಬೆಳಗಿನ ಪಾಳಿಯ ಇಸ್ತ್ರಿ ವಿಭಾಗಕ್ಕೆ ಅವನೇ ಮೇಲ್ವಿಚಾರಕ. ಕಾಗದದಲ್ಲಿ ಸೂಪರ್‌ವೈಸರ್, ಬಾಯಲ್ಲಿ ಮೇಸ್ತ್ರಿ. ಅವನ ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುವಳು.

ಲಕೋಟೆಯಲ್ಲಿ ಏನಿದೆಯೆಂದು ಒಡೆಯುವ ಮೊದಲೇ ಅವನಿಗೆ ಗೊತ್ತಿತ್ತು. ಒಂಬತ್ತು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ, ರೋಲರ್ ಮಷೀನಿಗೆ ಚಾದರ ಕೊಡುತ್ತಿದ್ದ ಗುಂಗುರಕ್ಕನ ಬಲಗೈ ಬಿಸಿ ರೋಲರಿನ ಒಳಗೆ ಹೋಗಿತ್ತು. ಗುಂಗುರು ಕೂದಲಿಗೆ ಬಿದ್ದ ಹೆಸರು ಅದು. ಹನ್ನೊಂದು ವರ್ಷದಿಂದ ಅದೇ ಮಷೀನಿನ ಮುಂದೆ ನಿಂತವಳು. ಎದುರು ಅಂಚು ಹಿಡಿದಿದ್ದ ಎತ್ತರದ ಜೊತೆಗಾರ್ತಿ, ಎಲ್ಲರೂ ಉದ್ದಕ್ಕ ಎನ್ನುವವಳು, ಕೆಂಪು ಗುಂಡಿ ಒತ್ತಿದ್ದಳು. ಮಷೀನು ನಿಂತಿತು. ಆದರೆ ಕೈ ಒಳಗೇ ಇತ್ತು. ರೋಲರನ್ನು ಕೈಯಿಂದ ತಿರುಗಿಸಿ ಎತ್ತುವ ಹ್ಯಾಂಡಲ್ ಗೋಡೆಯ ಮೇಲೆ ತೂಗುಹಾಕಿತ್ತು. ಅದರ ಮುಂದೆ ಎರಡು ಗಾಡಿಗಳು ನಿಂತಿದ್ದವು. ಮೇಸ್ತ್ರಿ ಗಾಡಿ ಎಳೆದ, ಹ್ಯಾಂಡಲ್ ತಂದ, ಸಿಕ್ಕಿಸಿದ, ತಿರುಗಿಸಿದ. ಎಷ್ಟು ಹೊತ್ತು ಹಿಡಿಯಿತೋ ಅವನಿಗೆ ಗೊತ್ತಿಲ್ಲ. ಗುಂಗುರಕ್ಕ ಮೊದಲು ಕೂಗಿದಳು, ಆಮೇಲೆ ಕೂಗಲಿಲ್ಲ. ಕೂಗದೆ ಹೋದದ್ದೇ ಅವನ ಕಿವಿಯಲ್ಲಿ ಉಳಿದಿತ್ತು.

ನೋಟಿಸಿನಲ್ಲಿ ನಾಲ್ಕು ಆರೋಪಗಳಿದ್ದವು. ಕೈ ಹತ್ತಿರ ಬಂದರೆ ಮಷೀನನ್ನು ನಿಲ್ಲಿಸಬೇಕಾದ ಗಾರ್ಡ್ ಪಟ್ಟಿಯನ್ನು ಹರಿದ ಬಟ್ಟೆಯಿಂದ ಹಿಂದಕ್ಕೆ ಎಳೆದು ಕಟ್ಟಲಾಗಿತ್ತು, ಅದನ್ನು ತಡೆಯಲಿಲ್ಲ ಎನ್ನುವುದು ಒಂದು. ಪಟ್ಟಿ ಹಾಗಿದ್ದೂ ದಿನದ ತಪಾಸಣೆ ಹಾಳೆಯಲ್ಲಿ 'ಸರಿಯಿದೆ' ಎಂದು ಗುರುತು ಹಾಕಿದ್ದೀರಿ ಎನ್ನುವುದು ಎರಡು. ದುರಸ್ತಿಗೆ ಬರೆದುಕೊಟ್ಟಿಲ್ಲ, ಹ್ಯಾಂಡಲಿಗೆ ಹೋಗುವ ದಾರಿ ತೆರವಿರಲಿಲ್ಲ ಎನ್ನುವುವು ಉಳಿದೆರಡು. 'ನಿಮ್ಮ ಮೇಲೆ ಶಿಸ್ತುಕ್ರಮ ಏಕೆ ಕೈಗೊಳ್ಳಬಾರದು ಎಂಬುದಕ್ಕೆ ಈ ನೋಟಿಸ್ ತಲುಪಿದ ಏಳು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು' ಎಂದು ಮುಗಿದಿತ್ತು.

ಓದಿ ಮಡಿಚಿ ಜೇಬಿಗಿಟ್ಟ. ಗಾಡಿ ಇನ್ನೂ ಬಾಗಿಲಲ್ಲೇ ನಿಂತಿತ್ತು. ಅದನ್ನು ತಾನೇ ಒಳಕ್ಕೆ ದೂಡಿದ.

ಸಂಜೆ ಹೆಂಡತಿಯ ಅಣ್ಣ ಬಂದ. ಮೂವತ್ತು ವರ್ಷ ಒಂದು ದೊಡ್ಡ ಕಚೇರಿಯಲ್ಲಿ ಮುಖ್ಯ ಗುಮಾಸ್ತನಾಗಿದ್ದವನು. ಇಂಥ ನೋಟಿಸುಗಳನ್ನು ಕೊಟ್ಟವರ ಪರವಾಗಿಯೂ ಬರೆದಿದ್ದ, ತೆಗೆದುಕೊಂಡವರ ಪರವಾಗಿಯೂ ಬರೆದಿದ್ದ. ತಂಗಿ ಹೇಳಿಕಳಿಸಿದ್ದಳು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

"ನೋಡಿ ಭಾವ, ಇದರಲ್ಲಿ ಗಾಬರಿ ಬೀಳೋದು ಏನೂ ಇಲ್ಲ. ಪಟ್ಟಿ ಕಟ್ಟಿದ್ದು ಯಾರು? ನೀವಲ್ಲ ತಾನೆ?"

"ನಾನಲ್ಲ."

"ಮುಗೀತು. ರಿಪೇರಿ ಯಾರ ಕೆಲಸ? ಫಿಟ್ಟರ್‌ದು. ಕೈ ಹಾಕಿದ್ದು ಯಾರು? ಆ ಹೆಂಗಸು. ಅವಳಿಗೆ ತರಬೇತಿ ಆಗಿದೆ, ಕಾಗದದಲ್ಲಿ ಅವಳ ಸಹಿ ಇದೆ. 'ಕಾರ್ಮಿಕಳ ಸ್ವಂತ ಅಜಾಗರೂಕತೆಯಿಂದ' ಅಂತ ಒಂದು ಸಾಲು, 'ಕೆಲಸದ ವಿಪರೀತ ಒತ್ತಡದ ನಡುವೆಯೂ' ಅಂತ ಇನ್ನೊಂದು. ಮೊದಲು ಎಲ್ಲ ಆರೋಪಾನೂ ನಿರಾಕರಿಸ್ತೀನಿ ಅಂತ ಶುರು ಮಾಡೋಣ. ಕೈ ತೋರಿಸಿ ಅವಲಕ್ಷಣ ಅನ್ನಿಸ್ಕೊಳ್ಳೋ ಕೆಲಸ ಬೇಡ."

ಕೈ ಎಂದ ತಕ್ಷಣ ಅವನೇ ನಾಲಿಗೆ ಕಚ್ಚಿಕೊಂಡ.

ಆದರೂ ಅವನು ಬರೆದುಕೊಟ್ಟ. ಒಂದೂವರೆ ಪುಟ, ಅಕ್ಷರಗಳು ಮುತ್ತಿನ ಹಾಗಿದ್ದವು. ಓದಿದರೆ ಮೇಸ್ತ್ರಿಯಷ್ಟು ಪಾಪದ ಮನುಷ್ಯ ಭೂಮಿಯ ಮೇಲೆ ಇಲ್ಲ ಎನಿಸುವಂತಿತ್ತು. ಹೆಂಡತಿ ಅದನ್ನು ಓದಿ, "ಚೆನ್ನಾಗಿದೆ ಅಣ್ಣ" ಎಂದಳು. ಗಂಡನ ಮುಖ ನೋಡಿ ಹಾಳೆಯನ್ನು ಅವನ ಮುಂದಿಟ್ಟಳು. ಒಂದೇ ಒಂದು ಕಡೆ ಮೇಸ್ತ್ರಿಗೂ ಅದು ಸರಿಯೆನಿಸಿತ್ತು: ಫಿಟ್ಟರ್ ವಿಷಯ. ಪಟ್ಟಿಯ ಸ್ವಿಚ್ಚು ಕೆಟ್ಟು, ದಪ್ಪ ಅಂಚಿನ ಚಾದರ ತಾಗಿದರೂ ಮಷೀನು ನಿಂತುಬಿಡುತ್ತಿತ್ತು. ನಿಂತ ಕಡೆ ಚಾದರ ಕಂದಿ ಹಳದಿಯಾಗುತ್ತಿತ್ತು. ಫಿಟ್ಟರಿಗೆ ತಾನು ಹೇಳಿದ್ದ. ಅವನು ಮಾಡಲಿಲ್ಲ. ಅದು ನಿಜವಲ್ಲವೆ?

ಮರುದಿನ ಊಟದ ಬಿಡುವಿನಲ್ಲಿ ಅವನು ಫಿಟ್ಟರನ ಕೋಣೆಗೆ ಹೋದ. ಫಿಟ್ಟರ್ ಬೆಂಚಿನ ಮೇಲೆ ಒಂದು ಪಂಪು ಬಿಚ್ಚಿಟ್ಟುಕೊಂಡು ಕೂತಿದ್ದ. ಮೇಸ್ತ್ರಿಯನ್ನು ಕಂಡು ಎದ್ದು ನಿಂತ.

"ನನ್ನ ಹೆಸರು ಬರೀತೀರಂತೆ."

"ಯಾರಂದ್ರು?"

"ಎಲ್ಲರೂ ಅಂತಿದಾರೆ. ಬರೀರಿ ಮೇಸ್ತ್ರಿ, ಬೇಡ ಅನ್ನಲ್ಲ. ಆದ್ರೆ ಒಂದ್ಸಲ ಇದನ್ನ ನೋಡಿ ಬರೀರಿ."

ಕಪಾಟಿನಿಂದ ದುರಸ್ತಿ ಪುಸ್ತಕ ತೆಗೆದು ಮುಂದಿಟ್ಟ. ಎಣ್ಣೆಯ ಬೆರಳುಗಳ ಗುರುತು ತುಂಬಿದ ಉದ್ದನೆಯ ಪುಸ್ತಕ. ಯಾವ ಮಷೀನು, ಏನು ತೊಂದರೆ, ಯಾರು ತಿಳಿಸಿದರು, ಯಾವಾಗ, ಏನು ಮಾಡಲಾಯಿತು. ಈ ಪುಸ್ತಕದಲ್ಲಿ ಸಾಲು ಇಲ್ಲದಿದ್ದರೆ ಉಗ್ರಾಣದವರು ಒಂದು ಮೊಳೆಯನ್ನೂ ಕೊಡುವುದಿಲ್ಲ. ಮೇಸ್ತ್ರಿ ಅಪಘಾತದ ದಿನದಿಂದ ಹಿಂದಕ್ಕೆ ಹಾಳೆ ತಿರುವಿದ. ಒಂದು ವಾರ. ಎರಡು ವಾರ. ಒಣಗಿಸುವ ಯಂತ್ರದ ಬೆಲ್ಟು ಇತ್ತು, ಆವಿಯ ಕೊಳವೆಯ ಸೋರಿಕೆ ಇತ್ತು. ಅವೆರಡಕ್ಕೂ ಅವನದೇ ಸಹಿ. ಗಾರ್ಡ್ ಪಟ್ಟಿಯ ಸಾಲು ಇರಲಿಲ್ಲ.

"ನಾನು ನಿಂಗೆ ಹೇಳಿದ್ದೆನಲ್ಲ" ಎಂದ ಮೇಸ್ತ್ರಿ. ದನಿ ಅವನಿಗೇ ಸಣ್ಣದಾಗಿ ಕೇಳಿಸಿತು.

"ಹೇಳಿದ್ರಿ. ಚಹಾ ಕುಡೀವಾಗ. 'ಆ ಪಟ್ಟಿ ಸುಮ್ಮನೆ ಕಾಟ ಕೊಡ್ತಿದೆ ಕಣೋ, ಒಂದಿನ ನೋಡು' ಅಂದ್ರಿ. 'ಬರೆದ್ಹಾಕಿ ಮೇಸ್ತ್ರಿ, ಸ್ವಿಚ್ ತರಿಸ್ತೀನಿ' ಅಂದೆ. 'ಆಯ್ತು' ಅಂದ್ರಿ. ನಾನೂ ಮತ್ತೆ ಕೇಳಲಿಲ್ಲ, ಅದು ನನ್ನ ತಪ್ಪು. ಅದನ್ನ ನನ್ನ ಕೇಳಿದಾಗ ನಾನೇ ಹೇಳ್ತೀನಿ."

ಮೇಸ್ತ್ರಿ ಪುಸ್ತಕ ಮುಚ್ಚಿದ. ಹತ್ತು ದಿನದಿಂದ ಅವನು ಫಿಟ್ಟರನ ಮೇಲೆ ಒಳಗೊಳಗೇ ಕುದಿದಿದ್ದ. ಆ ಸಿಟ್ಟು ಅವನಿಗೆ ಒಂದು ಊರುಗೋಲಿನ ಹಾಗಿತ್ತು. ಈಗ ಅದೂ ಕೈಬಿಟ್ಟಿತು.

ಶನಿವಾರ ಪಾಳಿ ಮುಗಿಸಿ ಆಸ್ಪತ್ರೆಗೆ ಹೋದ. ಮೊದಲ ವಾರ ಎರಡು ಸಲ ಹೋಗಿದ್ದ, ಆಗ ಅವಳಿಗೆ ಮೈಮೇಲೆ ಪ್ರಜ್ಞೆ ಸರಿಯಾಗಿರಲಿಲ್ಲ. ಈಗ ದಿಂಬಿಗೆ ಒರಗಿ ಕೂತಿದ್ದಳು. ಬಲಗೈ ಮೊಣಕೈವರೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಒಂದು ದಿಂಬಿನ ಮೇಲೆ ಮಲಗಿತ್ತು. ಪಕ್ಕದಲ್ಲಿ ಅವಳ ಅಕ್ಕ ಕೂತಿದ್ದಳು. ಅವನನ್ನು ಕಂಡು ಎದ್ದು, ನೀರು ತರುತ್ತೇನೆಂದು ಖಾಲಿಯಾಗದ ಬಾಟಲಿ ಹಿಡಿದು ಹೊರಗೆ ಹೋದಳು.

"ಎರಡು ಬೆರಳು ಹೋದ್ವು ಮೇಸ್ತ್ರಿ" ಎಂದಳು ಗುಂಗುರಕ್ಕ, ಚಾದರದ ಲೆಕ್ಕ ಒಪ್ಪಿಸುವ ದನಿಯಲ್ಲಿ. "ನಡುವಿಂದು, ಅದರ ಪಕ್ಕದ್ದು. ತೊಡೆಯಿಂದ ಚರ್ಮ ತೆಗೆದು ಹಾಕಿದಾರೆ. ಮುಷ್ಟಿ ಕಟ್ಟೋಕೆ ಆಗುತ್ತೋ ಇಲ್ವೋ ಮೂರು ತಿಂಗಳಾದ್ಮೇಲೆ ಹೇಳ್ತಾರಂತೆ."

ಅವನು ತಂದಿದ್ದ ಹಣ್ಣಿನ ಚೀಲವನ್ನು ಎಲ್ಲಿಡುವುದೆಂದು ತೋಚದೆ ತೊಡೆಯ ಮೇಲೇ ಇಟ್ಟುಕೊಂಡ.

"ನಿಮಗೂ ನೋಟಿಸ್ ಬಂತಂತೆ" ಎಂದಳು.

"ನಿಮಗೂ ಅಂದ್ರೆ?"

"ನಂಗೂ ಬಂದಿದೆ. ಇಲ್ಲಿಗೇ ತಂದುಕೊಟ್ಟರು. ಸುರಕ್ಷತಾ ಸಾಧನವನ್ನು ಬೇಕಂತಲೇ ನಿಷ್ಕ್ರಿಯಗೊಳಿಸಿದ್ದಕ್ಕೆ. ಎಡಗೈಲಿ ಸೈನ್ ಹಾಕಿದೆ, ನೋಡ್ಬೇಕಿತ್ತು ನೀವು, ಕಾಗೆ ಕಾಲು ಗುಬ್ಬಿ ಕಾಲು." ನಗಲು ನೋಡಿದಳು. "ಉತ್ತರಾನೂ ಕೊಟ್ಟೆ. ನಾನು ಹೇಳಿದೆ, ಅಕ್ಕ ಬರೆದಳು. ಪಟ್ಟಿ ಕಟ್ಟಿದ್ದು ನಾನೇ, ಶನಿವಾರ ಕಟ್ಟಿದೆ ಅಂತ."

ಮೇಸ್ತ್ರಿ ಚೀಲವನ್ನು ನೆಲಕ್ಕಿಟ್ಟ. "ಅಷ್ಟೇನಾ?"

"ಅಷ್ಟೇ. ನೀವು ಅಲ್ಲಿದ್ರಿ ಅಂತ ಬರೆಸಲಿಲ್ಲ. ನಂದಂತೂ ಆಯ್ತು. ಮುಳುಗೋರ ಜೊತೆ ಇನ್ನೊಬ್ಬರನ್ನ ಯಾಕೆ ಎಳೀಬೇಕು ಅಂತ. ಉದ್ದಕ್ಕ ಆವತ್ತು ರಜೆ, ಅವಳಿಗೂ ಗೊತ್ತಿಲ್ಲ."

ಅವನು ಏನೋ ಹೇಳಹೊರಟ. ಅವಳು ಕಣ್ಣು ಮುಚ್ಚಿದಳು. "ದಣಿವಾಗುತ್ತೆ ಮೇಸ್ತ್ರಿ. ಮಾತಾಡಿದ್ರೂ ದಣಿವಾಗುತ್ತೆ."

ಅವನು ಬಸ್ಸು ಹತ್ತದೆ ನಡೆದೇ ಮನೆಗೆ ಬಂದ. ಆ ಶನಿವಾರ ಈಗ ತಾನೇ ನಡೆದಷ್ಟು ಸ್ಪಷ್ಟವಾಗಿತ್ತು. ಮಷೀನು ನಾಲ್ಕನೇ ಸಲ ನಿಂತಿತ್ತು. ಆಸ್ಪತ್ರೆಯ ಗಾಡಿ ಹೊರಗೆ ಹಾರನ್ ಹೊಡೆಯುತ್ತಿತ್ತು. ಗುಂಗುರಕ್ಕ ಹರಿದ ದಿಂಬುಚೀಲದಿಂದ ಒಂದು ಪಟ್ಟಿ ಸೀಳಿ ಗಾರ್ಡನ್ನು ಹಿಂದಕ್ಕೆಳೆದು ಕಟ್ಟುತ್ತ ಅವನತ್ತ ನೋಡಿದ್ದಳು. ಕೇಳುವ ನೋಟ ಅದು. ಅವನು ಏನೆಂದಿದ್ದ? 'ಬೇಡ' ಎಂದಿರಲಿಲ್ಲ. ಸುಮ್ಮನೆ ಇದ್ದಿದ್ದರೂ ಒಂದು ಮಾತಿತ್ತು. "ಗಟ್ಟಿಯಾಗಿ ಕಟ್ಟು, ನಡುವೆ ಬಿಚ್ಚಿಕೊಂಡೀತು" ಎಂದಿದ್ದ. ಎಂದು, ತನ್ನ ಮೇಜಿಗೆ ಹೋಗಿ ಕೂತಿದ್ದ.

ಆ ಮಾತನ್ನು ಕೇಳಿದವರು ಲೋಕದಲ್ಲಿ ಇಬ್ಬರೇ. ಅವರಲ್ಲಿ ಒಬ್ಬಳು ಬಾಯಿ ಮುಚ್ಚಿಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಕೂತ. ಮೊದಲ ಹಾಳೆಯಲ್ಲಿ ಹೊರಗಿನ ಹಾರನ್ನು, ರಜೆ ಹಾಕಿದ್ದ ಮೂವರು, ತನ್ನ ಮಂಡಿನೋವು ಎಲ್ಲ ಬಂದವು. ಓದಿದ. ಎಲ್ಲ ನಿಜವೇ, ಆದರೆ ಪ್ರತಿಯೊಂದೂ 'ಆದ್ದರಿಂದ ನನ್ನನ್ನು ಬಿಟ್ಟುಬಿಡಿ' ಎಂದು ಕೈಮುಗಿಯುತ್ತಿತ್ತು. ಹರಿದ. ಎರಡನೆಯದರಲ್ಲಿ ತನ್ನನ್ನೇ ಬೈದುಕೊಂಡ: ನಾನು ಪಾಪಿ, ನನಗೆ ಕ್ಷಮೆಯಿಲ್ಲ. ಅದೂ ಒಂದು ಥರದ ನಾಟಕವಾಗಿ ಕಂಡಿತು. ಅವರು ಕೇಳಿದ್ದು ಏನಾಯಿತೆಂದು, ಅವನಿಗೆ ಹೇಗನಿಸುತ್ತಿದೆಯೆಂದಲ್ಲ. ಅದನ್ನೂ ಹರಿದ.

ಹೆಂಡತಿ ತರಕಾರಿ ಹೆಚ್ಚುತ್ತ ಕೇಳಿದಳು. "ಅಣ್ಣ ಬರೆದುಕೊಟ್ಟಿದ್ದು ಏನಾಯ್ತು?"

ಅವನು ಹೇಳಿದ. ಪಟ್ಟಿ ಕಟ್ಟಿದ ಶನಿವಾರದ ಮಾತನ್ನೂ ಹೇಳಿದ. ಅದನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳ ಕೈಯಲ್ಲಿ ಚಾಕು ನಿಂತಿತು.

"ಬರೀದೆ ಇದ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?"

"ಇಲ್ಲ."

"ಬರೆದ್ರೆ ಕೆಲಸ ಹೋಗಬಹುದು."

"ಹೋಗಬಹುದು. ಮೇಸ್ತ್ರಿಗಿರಿ ಅಂತೂ ಹೋಗುತ್ತೆ."

ಅವಳು ಉಳಿದ ತರಕಾರಿಯನ್ನೂ ಹೆಚ್ಚಿ ಮುಗಿಸಿದಳು. ಆಮೇಲೆ ಹೆಚ್ಚಿದ್ದನ್ನೆಲ್ಲ ಪಾತ್ರೆಗೆ ಹಾಕಿ, "ನನ್ನ ಕೇಳಿದ್ರೆ ನಾನು ಬೇಡ ಅಂತೀನಿ. ಅದಕ್ಕೇ ಕೇಳಬೇಡಿ" ಎಂದು ಒಲೆಯ ಕಡೆ ತಿರುಗಿದಳು.

ಮೂರನೇ ಹಾಳೆ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಮೇಲೆ ನೋಟಿಸಿನ ಸಂಖ್ಯೆ, ದಿನಾಂಕ, ಅದು ತನಗೆ ತಲುಪಿದ ದಿನ. ಅದರ ಕೆಳಗೆ ಹೀಗಿತ್ತು:

'ನಾನು ಕಣ್ಣಾರೆ ಕಂಡದ್ದು, ಮಾಡಿದ್ದು ಮತ್ತು ಮಾಡದೆ ಬಿಟ್ಟದ್ದನ್ನು ಮಾತ್ರ ಬರೆದಿದ್ದೇನೆ. ಕೈ ಒಳಗೆ ಹೋದ ಕ್ಷಣವನ್ನು ನಾನು ನೋಡಿಲ್ಲ. ಆಗ ನಾನು ಮೇಜಿನ ಬಳಿ, ಮಷೀನಿಗೆ ಬೆನ್ನು ಹಾಕಿದ್ದೆ.

ಒಂದನೆಯ ಆರೋಪ: ಅಪಘಾತಕ್ಕೆ ಮೂರು ದಿನ ಮೊದಲು, ಶನಿವಾರ, ಗಾರ್ಡ್ ಪಟ್ಟಿಯನ್ನು ಮಷೀನಿನ ಕೆಲಸಗಾರ್ತಿ ನನ್ನ ಎದುರಿಗೇ ಕಟ್ಟಿದರು. ಕಟ್ಟುವ ಮೊದಲು ನನ್ನತ್ತ ನೋಡಿದರು. "ಗಟ್ಟಿಯಾಗಿ ಕಟ್ಟು" ಎಂದು ನಾನು ಹೇಳಿದೆ. ಆಗ ಮಷೀನು ನಿಲ್ಲಿಸುವ ಅಧಿಕಾರ ನನಗಿತ್ತು. ನಿಲ್ಲಿಸಲಿಲ್ಲ. ಸೋಮವಾರವೂ ಮಂಗಳವಾರವೂ ಪಟ್ಟಿ ಕಟ್ಟಿಯೇ ಇದ್ದದ್ದು ನನಗೆ ಗೊತ್ತಿತ್ತು.

ಎರಡನೆಯದು: ಮಂಗಳವಾರದ ಹಾಳೆಯಲ್ಲಿರುವ ಗುರುತು ನನ್ನದು. ಮೇಜಿನ ಬಳಿ ಕೂತು ಐದೂ ಸಾಲುಗಳಿಗೆ ಒಟ್ಟಿಗೆ ಹಾಕಿದೆ. ಪಟ್ಟಿಯನ್ನು ಒತ್ತಿ ಪರೀಕ್ಷಿಸಲಿಲ್ಲ.

ಮೂರನೆಯದು: ಪಟ್ಟಿಯ ದೋಷವನ್ನು ಫಿಟ್ಟರಿಗೆ ಬಾಯಲ್ಲಿ ತಿಳಿಸಿದೆ. ಬರೆದುಕೊಡಲು ಅವರು ಹೇಳಿದರು. ನಾನು ಬರೆಯಲಿಲ್ಲ. ದುರಸ್ತಿ ಪುಸ್ತಕವನ್ನು ನೋಡಿ ಖಚಿತಪಡಿಸಿಕೊಂಡಿದ್ದೇನೆ.

ನಾಲ್ಕನೆಯದು: ಹ್ಯಾಂಡಲಿನ ಮುಂದಿದ್ದ ಎರಡು ಗಾಡಿಗಳನ್ನು ಆ ಬೆಳಿಗ್ಗೆ ಅಲ್ಲಿ ನಿಲ್ಲಿಸಲು ಹೇಳಿದ್ದು ನಾನೇ. ಅವನ್ನು ಸರಿಸಲು ಎಷ್ಟು ಹೊತ್ತು ಹಿಡಿಯಿತೆಂದು ನನಗೆ ಖಚಿತವಾಗಿ ಹೇಳಲು ಬರುವುದಿಲ್ಲ.

ಅಪಘಾತದ ನಂತರ ಗಾಡಿಗಳಿಗೆ ಬೇರೆ ಜಾಗ ಗುರುತಿಸಿದ್ದೇನೆ. ಉಳಿದ ಎರಡು ಮಷೀನುಗಳ ಪಟ್ಟಿಗಳನ್ನು ಪ್ರತಿ ಪಾಳಿಯ ಮೊದಲು ಕೆಲಸಗಾರರ ಎದುರಿಗೇ ಒತ್ತಿ ನೋಡುತ್ತಿದ್ದೇನೆ. ಸಂಬಂಧಪಟ್ಟ ಹಾಳೆಯ ಪ್ರತಿ ಲಗತ್ತಿಸಿದೆ. ವಿಚಾರಣೆಗೆ ಕರೆದರೆ ಹಾಜರಾಗಿ ಇದನ್ನೇ ಹೇಳುತ್ತೇನೆ.'

ಮರುದಿನ ಹೆಂಡತಿಯ ಅಣ್ಣ ಓದಿ ತಲೆ ಹಿಡಿದುಕೊಂಡ. "ಹಗ್ಗ ಕೊಟ್ಟು ಕೈ ಕಟ್ಟಿಸ್ಕೊಳ್ಳೋದು ಅಂದ್ರೆ ಇದೇ ಭಾವ." ಆದರೆ ಮತ್ತೊಮ್ಮೆ ಓದಿ, ಪೆನ್ನು ತೆಗೆದು, ಒಂದು ದಿನಾಂಕ ತಪ್ಪಾಗಿದ್ದದ್ದನ್ನು ತಿದ್ದಿದ. "ಎರಡು ಪ್ರತಿ ಮಾಡಿಸಿ. ಒಂದರ ಮೇಲೆ ಅವರ ಸೀಲು, ಸಹಿ ಹಾಕಿಸ್ಕೊಂಡು ನೀವಿಟ್ಕೊಳ್ಳಿ. ಅಷ್ಟಾದ್ರೂ ಮಾತು ಕೇಳಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಆರನೇ ದಿನ ಮೇಸ್ತ್ರಿ ಅದನ್ನು ಆಫೀಸಿನಲ್ಲಿ ಕೊಟ್ಟ. ಗುಮಾಸ್ತೆ ಸೀಲು ಒತ್ತುತ್ತ ಮೊದಲ ಸಾಲುಗಳ ಮೇಲೆ ಕಣ್ಣಾಡಿಸಿದಳು. ಸೀಲು ಹಾಳೆಗೆ ಅಂಟಿಯೇ ಉಳಿಯಿತು. "ಮೇಸ್ತ್ರಿ, ಇದನ್ನ ಕೊಡಲೇಬೇಕಾ? ನಾಳೆವರೆಗೂ ಟೈಮಿದೆ" ಎಂದಳು ಮೆಲ್ಲಗೆ.

"ತಗೊಳ್ಳಮ್ಮ" ಎಂದ ಅವನು. "ನಾಳೆಗಿಟ್ರೆ ಇನ್ನೊಂದು ರಾತ್ರಿ ನಿದ್ದೆ ಬರಲ್ಲ."

ವಿಚಾರಣೆ ಎರಡು ವಾರದ ನಂತರ ನಡೆಯಿತು. ವಿಚಾರಣೆಯ ಅಧಿಕಾರಿ ಬೇರೆ ಶಾಖೆಯಿಂದ ಬಂದವರು. ಸಣ್ಣ ದನಿಯ ಹೆಂಗಸು. ಅವನ ಉತ್ತರವನ್ನೂ ಗುಂಗುರಕ್ಕನ ಉತ್ತರವನ್ನೂ ಅಕ್ಕಪಕ್ಕ ಇಟ್ಟುಕೊಂಡಿದ್ದರು.

"ನೀವು ಅಲ್ಲಿದ್ರಿ ಅಂತ ಆಕೆ ಹೇಳೇ ಇಲ್ವಲ್ಲ" ಎಂದರು.

"ಆಕೆ ಹೇಳಿಲ್ಲ. ನಾನಿದ್ದೆ."

"ಆಕೆ ನಿಮ್ಮನ್ನ ಕೇಳಿ ಕಟ್ಟಿದ್ರು ಅಂತೀರಾ?"

"ಬಾಯಿಬಿಟ್ಟು ಕೇಳಲಿಲ್ಲ. ನೋಡಿದಳು. ನಾನು ಹೇಳಿದ ಮಾತು ಬರೆದಿದೀನಿ."

"ಒತ್ತಡ ಇತ್ತಾ ಆವತ್ತು?"

ಬಾಗಿಲು ತೆರೆದಿಟ್ಟ ಹಾಗಿತ್ತು ಆ ಪ್ರಶ್ನೆ. "ಇತ್ತು" ಎಂದ ಮೇಸ್ತ್ರಿ. "ಎಲ್ಲಾ ಶನಿವಾರಾನೂ ಇರುತ್ತೆ ಮೇಡಂ. ಮಷೀನು ನಾಲ್ಕು ಸಲ ನಿಂತದ್ದನ್ನ, ಗಾಡಿ ಹೊರಗೆ ಕಾಯ್ತಿದ್ದದ್ದನ್ನ ನೀವು ಕೇಳಿದ್ದಕ್ಕೆ ಹೇಳ್ತೀನಿ. ಅದಕ್ಕೇ ಹಾಗೆ ಮಾಡಿದೆ ಅಂತ ಹೇಳಕ್ಕಾಗಲ್ಲ. ಮಷೀನ್ ನಿಲ್ಲಿಸಿದ್ರೆ ಯಾರೂ ನನ್ನ ನೇಣಿಗೆ ಹಾಕ್ತಿರಲಿಲ್ಲ."

ಅವರು ಬರೆದುಕೊಂಡರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಮೇಸ್ತ್ರಿಗೆ ಹಾಗೇನೂ ಆಗಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಬರೀ ಹಸಿವಾಗಿತ್ತು, ಮಂಡಿ ನೋಯುತ್ತಿತ್ತು.

ಆದೇಶ ತಿಂಗಳ ಕೊನೆಗೆ ಬಂತು. ಅವನನ್ನು ಮೇಲ್ವಿಚಾರಕನ ಹುದ್ದೆಯಿಂದ ಇಳಿಸಿ ಮೈಲಿಗೆ ಬಟ್ಟೆ ಇಳಿಸಿಕೊಳ್ಳುವ ವಿಭಾಗಕ್ಕೆ ಹಾಕಿದ್ದರು, ಇಪ್ಪತ್ತೆಂಟು ವರ್ಷದ ಹಿಂದೆ ಶುರುಮಾಡಿದ ಜಾಗಕ್ಕೇ. ಗುಂಗುರಕ್ಕನ ಮೇಲಿನ ಆರೋಪವನ್ನು ಕೈಬಿಟ್ಟಿದ್ದರು: ಮೇಲಿನವರ ಅರಿವು ಮತ್ತು ಒಪ್ಪಿಗೆಯಿಂದ ನಡೆದ ಕೆಲಸಕ್ಕೆ ಆಕೆಯೊಬ್ಬಳನ್ನೇ ಹೊಣೆ ಮಾಡಲಾಗದು ಎಂದಿತ್ತು ಆ ಸಾಲು. ಫಿಟ್ಟರಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು; ಅವನು ಅದನ್ನು ತಾನೇ ಬಂದು ಮೇಸ್ತ್ರಿಗೆ ತೋರಿಸಿ ಹೋದ. ಮೂರು ಮಷೀನಿಗೂ ಹೊಸ ಸ್ವಿಚ್ಚು ಬಂದವು, ಪಟ್ಟಿ ಕಳಚಿದರೆ ಅಥವಾ ಕಟ್ಟಿದರೆ ಮಷೀನು ಶುರುವೇ ಆಗದಂಥವು.

ಮನೆಯಲ್ಲಿ ಹೆಂಡತಿ ಆದೇಶವನ್ನು ಓದಿ, "ಕೆಲಸ ಉಳೀತಲ್ಲ" ಎಂದಳು. ಅಷ್ಟು ಹೇಳಿ ಒಳಗೆ ಹೋಗಿ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡಳು. ಅವನು ಕರೆಯಲಿಲ್ಲ.

ಗುಂಗುರಕ್ಕ ನಾಲ್ಕು ತಿಂಗಳ ಮೇಲೆ ಕೆಲಸಕ್ಕೆ ಬಂದಳು. ಮಷೀನಿಗಲ್ಲ, ಹರಿದದ್ದು, ಕಲೆಯಾದದ್ದನ್ನು ಬೇರೆ ಮಾಡುವ ಮೇಜಿಗೆ. ಅದು ಅವನ ವಿಭಾಗದ ಪಕ್ಕದಲ್ಲೇ ಇತ್ತು. ಮೊದಲ ದಿನ ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೂ ನೋಡದವರ ಹಾಗಿದ್ದರು. ಎರಡನೆಯ ದಿನ ಅವನು ಗಾಡಿ ತಂದು ಅವಳ ಮೇಜಿನ ಪಕ್ಕ ನಿಲ್ಲಿಸಿದಾಗ ಅವಳೇ ಮಾತೆತ್ತಿದಳು.

"ವಿಚಾರಣೇಲಿ ನಿಮ್ಮ ಕಾಗದ ನಂಗೆ ಓದಿ ಹೇಳಿದ್ರು."

"ಹೂಂ."

"ನಾನು ಬರೆಸದೆ ಬಿಟ್ಟಿದ್ದನ್ನ ನೀವು ಬರೆದ್ರಿ. ಅಕ್ಕ ಹೇಳ್ತಾಳೆ, ದೊಡ್ಡ ಮನುಷ್ಯ ಅಂತ." ಅವಳು ಎಡಗೈಯಿಂದ ಒಂದು ಚಾದರ ಬಿಡಿಸಿ ಬೆಳಕಿಗೆ ಹಿಡಿದಳು. ಬಲಗೈಯ ಉಳಿದ ಬೆರಳುಗಳು ಅಂಚನ್ನು ಹಿಡಿಯಲು ಹೆಣಗುತ್ತಿದ್ದವು. "ನಾನು ಹಾಗೆ ಅನ್ನಲ್ಲ. ಬೆಳಿಗ್ಗೆ ಜಡೆ ಹಾಕ್ಕೊಳ್ಳೋಕೆ ಆಗಲ್ಲ ನಂಗೆ. ಆಗೆಲ್ಲ ನಿಮ್ಮ ಮೇಲೂ ಸಿಟ್ಟು ಬರುತ್ತೆ, ನನ್ನ ಮೇಲೂ ಬರುತ್ತೆ."

"ಬರಲಿ" ಎಂದ ಅವನು.

"ಆದ್ರೆ ನಿಮ್ಮ ಜೊತೆ ಮಾತಾಡಬಹುದು ಅನಿಸ್ತು. ಬೇರೆ ಥರ ಬರೆದಿದ್ರೆ ಅದೂ ಆಗ್ತಿರಲಿಲ್ಲ." ಅವಳು ಚಾದರವನ್ನು ಮೇಜಿನ ಮೇಲೆ ಹರಡಿದಳು. "ಆ ಕಡೆ ಅಂಚು ಹಿಡೀರಿ, ಒಬ್ಬಳಿಂದ ಮಡಿಚೋಕಾಗಲ್ಲ."

ಅವನು ಆ ಕಡೆ ಹೋಗಿ ಅಂಚು ಹಿಡಿದ. ಚಾದರದ ನಡುವೆ ಅಂಗೈಯಗಲದ ಒಂದು ತೂತಿತ್ತು. ಇಬ್ಬರೂ ಅದನ್ನು ನೋಡಿದರು. ಇದು ಹೊಲಿಗೆಗೆ ಹೋಗಬೇಕೋ ಚಿಂದಿಗೆ ಹೋಗಬೇಕೋ ಎಂದು ಅವಳು ಕೇಳಿದಳು. ಹೊಲಿಗೆಗೆ ಹಾಕಿ ನೋಡೋಣ ಎಂದ ಅವನು. ಗಾಡಿಯಲ್ಲಿ ಇನ್ನೂ ಮುನ್ನೂರು ಚಾದರಗಳಿದ್ದವು, ಪಾಳಿ ಮುಗಿಯಲು ಎರಡು ಗಂಟೆ ಉಳಿದಿತ್ತು.